ಐದನೇ ಮಳೆಗಾಲದಲ್ಲಿ ಆ ಬ್ರ್ಯಾಂಡ್ ಎಲ್ಲಿರುತ್ತೆ?

ಇವತ್ತಿನ ಪೇಪರ್‌ನ ಮುಖಪುಟ ಪೂರ್ತಿ ಒಂದು ಅಪಾರ್ಟ್‌ಮೆಂಟ್ ಜಾಹೀರಾತು. ಚಿನ್ನದ ಬಣ್ಣದ ಲೋಗೊ, ಇಟಲಿಯ ಯಾವುದೋ ಊರಿನ ಹಾಗೆ ಕೇಳಿಸುವ ಹೆಸರು, ಈಜುಕೊಳದ ಸುತ್ತ ಇಪ್ಪತ್ತು ವರ್ಷ ಬೆಳೆದ ಗಾತ್ರದ ಮರಗಳು. ಇನ್ನೂ ಕಟ್ಟಬೇಕಾಗಿರುವ ಕಟ್ಟಡ ಅದು. ತೀರಾ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಕೆ, 'ಚಿತ್ರ ಕಲಾವಿದರ ಕಲ್ಪನೆ' ಅನ್ನೋ ಮಾತು ಮತ್ತು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ರೇರಾದ ನೋಂದಣಿ ಸಂಖ್ಯೆ. ಪ್ರಾಧಿಕಾರದ ವೆಬ್‌ಸೈಟ್ ವಿಳಾಸವನ್ನು ಎದ್ದು ಕಾಣುವ ಹಾಗೆ ಹಾಕಬೇಕು, ಜೊತೆಗೆ ಆ ಸಂಖ್ಯೆಯೂ ಇರಬೇಕು ಅಂತ 2016ರ ರೇರಾ ಕಾಯ್ದೆಯ ಸೆಕ್ಷನ್ 11 ಸ್ಪಷ್ಟವಾಗಿ ಹೇಳುತ್ತೆ. ಎದ್ದು ಕಾಣುತ್ತಿದ್ದದ್ದು ಲೋಗೊ ಮಾತ್ರ.

ಲೋಗೊ, ಬ್ರೋಷರ್, ಸೈನ್‌ಬೋರ್ಡ್ ನನ್ನ ಕಸುಬು ಅಂತ ಇಲ್ಲಿರೋರಿಗೆಲ್ಲ ಗೊತ್ತು. ಅದಕ್ಕೇ ಸಿಟ್ಟು ಜಾಸ್ತಿ. ನಮ್ಮ ಊರಿನ ಬಿಲ್ಡರ್‌ಗಳ ಬ್ರ್ಯಾಂಡ್ ಪೂರ್ತಿ ಬುಕಿಂಗ್ ದಿನಕ್ಕಾಗಿ ತಯಾರಾಗುತ್ತೆ. ಕೊಟ್ಟ ಮಾತು ನಿಜವೋ ಸುಳ್ಳೋ ಅಂತ ಗೊತ್ತಾಗೋದು ಮೂರನೇ, ಐದನೇ ಮಳೆಗಾಲದಲ್ಲಿ. ಆ ಹೊತ್ತಿಗೆ ಬ್ರ್ಯಾಂಡ್ ಅಲ್ಲಿರಲ್ಲ.

ಸೋಪು ಹಿಡಿಸದಿದ್ದರೆ ಮುಂದಿನ ತಿಂಗಳು ಬೇರೆ ತರಬಹುದು. ಮನೆ ಹಾಗಲ್ಲ. ಒಂದು ಬಾತ್‌ರೂಮ್ ತಗೊಳ್ಳಿ. ಅಲ್ಲಿ ಸ್ಲ್ಯಾಬನ್ನು ಸಾಮಾನ್ಯವಾಗಿ ಎಂಟು ಇಂಚಿನಿಂದ ಒಂದಡಿವರೆಗೆ ತಗ್ಗಿಸಿ ಹಾಕುತ್ತಾರೆ. ಆ ತಗ್ಗಿಗೆ ವಾಟರ್‌ಪ್ರೂಫಿಂಗ್ ಬಳಿದು, ಪೈಪ್ ಕೂರಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ, ಟೈಲ್ಸ್ ಹಾಕೋದು. ತುಂಬುವ ಮೊದಲು ಅಲ್ಲಿ ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು, ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಬೇಕು. ಆತುರದ ಸೈಟ್‌ಗಳಲ್ಲಿ ಮೊದಲು ಬಿಟ್ಟುಹೋಗುವ ಕೆಲಸವೇ ಇದು. ಇಲ್ಲವಾದರೆ ಟೆಸ್ಟ್ ಸರಿಯಾಗಿಯೇ ಆಗಿರುತ್ತೆ, ಆಮೇಲೆ ಪ್ಲಂಬರ್ ಬಂದು ಇನ್ನೊಂದು ಪೈಪ್‌ಗೆ ಅಂತ ಬಳಿದ ಪದರವನ್ನೇ ಕೊರೆದಿರುತ್ತಾನೆ. ನೀರು ಆ ತುಂಬಿನೊಳಗೆ ನಿಧಾನಕ್ಕೆ ಸೇರಿಕೊಳ್ಳುತ್ತಾ, ಒಂದೆರಡು ವರ್ಷಕ್ಕೆ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಹಳದಿ ಕಲೆಯಾಗಿ ಕಾಣುತ್ತೆ. ಕೀಲಿ ಇಸಿದುಕೊಂಡ ದಿನ ಖರೀದಿದಾರರಿಗೆ ಕಂಡಿದ್ದು ಹೊಳೆಯುವ ಟೈಲ್ಸ್. ಎಷ್ಟೇ ಬುದ್ಧಿವಂತರಾದರೂ ಅವತ್ತು ಅದರಾಚೆ ಏನೂ ಕಾಣೋದಿಲ್ಲ.

ಈಗ ಯಾವುದಾದರೂ ಬಿಲ್ಡರ್‌ನ ಬ್ರ್ಯಾಂಡ್ ಮ್ಯಾನ್ಯುಯಲ್ ತೆರೆಯಿರಿ. ಹೋರ್ಡಿಂಗ್ ಅಳತೆ ಇದೆ, ಸ್ಯಾಂಪಲ್ ಫ್ಲ್ಯಾಟ್‌ನ ಗೋಡೆ ಬಣ್ಣ ಇದೆ, ಸೇಲ್ಸ್ ಆಫೀಸಿನ ಕಾಫಿ ಕಪ್‌ವರೆಗೂ ಇದೆ. ವಾಸ ಶುರುವಾದ ಮೇಲಿನ ಪುಟಗಳು ಸಾಮಾನ್ಯವಾಗಿ ಇರೋದೇ ಇಲ್ಲ. ಆದರೆ ಐದನೇ ವರ್ಷದಲ್ಲಿ ಆ ಮನೆಯವರು ಬ್ರ್ಯಾಂಡನ್ನು ಭೇಟಿಯಾಗೋದು ಪೈಪುಗಳು ಹೋಗುವ ಡಕ್ಟ್‌ನೊಳಗೆ. ನೀರು ಸೋರುವಾಗ ಯಾವ ವಾಲ್ವ್ ಯಾವ ಮನೆಯದು ಅಂತ ಬರೆದ ಬಿಲ್ಲೆ ಇದೆಯೇ? ಗೋಡೆ ಕೊರೆಯುವ ಮೊದಲು ನೋಡಲು, ಪೈಪು ವೈರು ನಿಜವಾಗಿ ಎಲ್ಲಿ ಹೋಗಿವೆ ಅಂತ ತೋರಿಸುವ ಆ್ಯಸ್-ಬಿಲ್ಟ್ ಡ್ರಾಯಿಂಗ್ ಅಸೋಸಿಯೇಷನ್ ಕೈಗೆ ಬಂದಿದೆಯೇ? ದೂರು ಕೊಡಲು ಇದ್ದ ನಂಬರ್ ಈಗಲೂ ರಿಂಗ್ ಆಗುತ್ತಾ? ಬ್ರ್ಯಾಂಡ್ ಐಡೆಂಟಿಟಿ ಅಂದರೆ ಇಲ್ಲಿ ಇದೇ.

ಗೇಟಿನ ಮೇಲಿನ ಹೆಸರನ್ನೇ ನೋಡಿ. ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಕೆಲವು ವರ್ಷದ ಬಿಸಿಲಿಗೆ ಅಕ್ಷರ ಮಾಸುತ್ತೆ, ಎಲ್‌ಇಡಿಗೆ ಕರೆಂಟ್ ಕೊಡುವ ಒಂದು ಡ್ರೈವರ್ ಸುಟ್ಟರೆ ಅರ್ಧ ಹೆಸರು ಕತ್ತಲು. ಆಗ ಕಟ್ಟಡ ಅಸೋಸಿಯೇಷನ್ ಕೈಗೆ ಬಂದಿರುತ್ತೆ. ಮೆಂಟೆನೆನ್ಸ್ ದುಡ್ಡಲ್ಲಿ ಬಿಲ್ಡರ್ ಹೆಸರು ಬೆಳಗಿಸಲು ಅವರಿಗೇನು ದರ್ದು? ನನ್ನ ಕೈಗೆ ಕೊಟ್ಟರೆ ಆ ಹೆಸರನ್ನು ಸಾದರಹಳ್ಳಿ ಗ್ರಾನೈಟ್‌ನಲ್ಲಿ ಕೆತ್ತಿಸುತ್ತೇನೆ. ಅದರ ಕೆಳಗೆ ರೇರಾ ಸಂಖ್ಯೆ, ಮುಗಿಸುತ್ತೇವೆಂದು ಹೇಳಿದ ತಾರೀಕು, ವಾಸಕ್ಕೆ ಅನುಮತಿ ಕೊಡುವ ಓಸಿ ಪತ್ರ ಬಂದ ತಾರೀಕು, ಸ್ಟ್ರಕ್ಚರಲ್ ಎಂಜಿನಿಯರ್ ಹೆಸರು, ವಾಟರ್‌ಪ್ರೂಫಿಂಗ್ ಮಾಡಿದವರ ಹೆಸರು, ಮತ್ತು ಬದಲಾಗದ ಒಂದು ಫೋನ್ ನಂಬರ್. ಕಲ್ಲಲ್ಲಿ ಕೊರೆಯಬೇಕಾಗುತ್ತೆ ಅಂತ ಮೊದಲೇ ಗೊತ್ತಿದ್ದರೆ ತಾರೀಕನ್ನು ಯಾರೂ ಸುಮ್ಮನೆ ಹೇಳಲ್ಲ.

ಮುಖಪುಟದ ಜಾಹೀರಾತನ್ನೂ ಹೀಗೇ ಮಾಡಬಹುದು. ಎರಡು ಕಟ್ಟಡ ಮುಗಿಸಿ ಮೂರನೆಯದನ್ನು ಮಾರಲು ಹೊರಟ ಕಂಪನಿ ಅಂದುಕೊಳ್ಳಿ. ಮೊದಲನೆಯದಕ್ಕೆ ಜನ ಬಂದು ಎಂಟು ವರ್ಷ ಆಗಿದೆ. ಆಗಸ್ಟ್‌ನಲ್ಲಿ, ಮಳೆ ನಿಂತ ಮರುದಿನ, ಅದರ ಮಳೆ ಹೊಡೆಯುವ ದಿಕ್ಕಿನ ಗೋಡೆಯ ಫೋಟೊ ತೆಗೆದು, ಏನೂ ತಿದ್ದದೆ ಹಾಕಿ. ಪಕ್ಕದಲ್ಲಿ ಮೂರು ಸಾಲು ಸಾಕು: ಹೇಳಿದ ತಾರೀಕು ಮತ್ತು ಓಸಿ ತಾರೀಕು, ಮೊದಲ ಐದು ವರ್ಷದಲ್ಲಿ ಬಂದ ಸೋರಿಕೆಯ ದೂರುಗಳೆಷ್ಟು, ಅದರಲ್ಲಿ ಮೂವತ್ತು ದಿನದೊಳಗೆ ಸರಿ ಮಾಡಿದ್ದೆಷ್ಟು. ಐದು ವರ್ಷ, ಮೂವತ್ತು ದಿನ ಅನ್ನೋದು ನಾನು ಹುಟ್ಟಿಸಿದ ಲೆಕ್ಕ ಅಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ ಮೂವತ್ತು ದಿನದಲ್ಲಿ, ದುಡ್ಡು ತಗೊಳ್ಳದೆ ಸರಿ ಮಾಡಿಕೊಡಬೇಕು ಅಂತ ಅದೇ ರೇರಾ ಕಾಯ್ದೆಯ ಸೆಕ್ಷನ್ 14 ಇದೆ. ಹಿಂದಿನ ಐದು ವರ್ಷದ ಪ್ರಾಜೆಕ್ಟ್‌ಗಳು ಏನಾದವು, ಎಷ್ಟು ತಡವಾದವು ಅನ್ನೋ ವಿವರವನ್ನೂ ನೋಂದಣಿ ಹೊತ್ತಲ್ಲಿ ಬಿಲ್ಡರ್ ಕೊಡಲೇಬೇಕು. ಅಂದರೆ ಮಾಹಿತಿ ಅವರ ಕೈಯಲ್ಲೇ ಇದೆ, ಮುಖಪುಟಕ್ಕೆ ತರುವ ಮನಸ್ಸಿಲ್ಲ. ದೂರಿನ ಲೆಕ್ಕ ಇಲ್ಲ ಅಂತ ಯಾವ ಕಂಪನಿಯಾದರೂ ಹೇಳಿದರೆ, ಕೀಲಿ ಕೊಟ್ಟ ಮೇಲೆ ದೂರು ಬರೆದುಕೊಳ್ಳುವವರನ್ನೇ ಅಲ್ಲಿ ಇಟ್ಟಿಲ್ಲ ಅಂತ ಅರ್ಥ.

ಹೊಸ ಬಿಲ್ಡರ್‌ಗೆ ಹಳೇ ಕಟ್ಟಡ ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಆ ಪ್ರಶ್ನೆ ಸರಿ, ಆದರೆ ಅದು ಇಟಲಿಯ ಹೆಸರಿಗೆ ಸಮರ್ಥನೆ ಆಗಲ್ಲ. ಇತಿಹಾಸ ಇಲ್ಲದವರು ದುಡ್ಡನ್ನು ಪಣಕ್ಕಿಡಬಹುದು. ವಾಟರ್‌ಪ್ರೂಫಿಂಗ್‌ಗೆ ಕಾನೂನಿನ ಐದು ವರ್ಷದ ಬದಲು ಹತ್ತು ವರ್ಷದ ಗ್ಯಾರಂಟಿಯನ್ನು ಕರಾರಿನಲ್ಲೇ ಬರೆದು, ರಿಪೇರಿಗೆ ಬೇಕಾದ ಹಣವನ್ನು ತಾವು ಮುಟ್ಟಲಾಗದ ಬೇರೆ ಖಾತೆಯಲ್ಲಿ ಇಡಲಿ. ಪ್ರತಿ ಬಾತ್‌ರೂಮ್‌ನ ನೀರು ನಿಲ್ಲಿಸಿದ ಫೋಟೊ, ತಾರೀಕು ಮತ್ತು ಸಹಿಯ ಜೊತೆ, ಆಯಾ ಮನೆಯ ಫೈಲ್‌ಗೆ ಸೇರಲಿ. ಮಾಲಿನ ಗುಣ ಮಾರುವವನಿಗೆ ಮಾತ್ರ ಗೊತ್ತಿರುವ ಮಾರುಕಟ್ಟೆಯಲ್ಲಿ ಗ್ಯಾರಂಟಿ ಯಾಕೆ ಬೇಕಾಗುತ್ತೆ ಅಂತ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ವಿವರಿಸಿದ್ದರು. ಕಳಪೆ ಕೆಲಸ ಮಾಡುವವನಿಗೆ ಹತ್ತು ವರ್ಷದ ಗ್ಯಾರಂಟಿ ದುಬಾರಿ ಬೀಳುತ್ತೆ, ಒಳ್ಳೆ ಕೆಲಸದವನಿಗೆ ಅಗ್ಗ. ಚಿನ್ನದ ಬಣ್ಣದ ಲೋಗೊ ಇಬ್ಬರಿಗೂ ಒಂದೇ ರೇಟಿಗೆ ಸಿಗುತ್ತೆ.

ಎಲ್ಲಕ್ಕಿಂತ ಹೆಚ್ಚು ಕೆರಳಿಸೋದು ಬಾಡಿಗೆ ಹೆಸರು. ದೊಡ್ಡ ಬ್ರ್ಯಾಂಡ್ ಶುಲ್ಕ ತಗೊಂಡು ತನ್ನ ಹೆಸರನ್ನು ಇನ್ನೊಬ್ಬರ ಪ್ರಾಜೆಕ್ಟ್‌ಗೆ ಕೊಡುವ ಪದ್ಧತಿ ಇದೆ. ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಅಂತಾರೆ. ಹೋರ್ಡಿಂಗ್ ಮೇಲೆ ಒಂದು ಹೆಸರು, ಕರಾರಿನಲ್ಲಿ ಮಾರುವವರಾಗಿ ನೀವು ಕೇಳಿಯೇ ಇರದ ಒಂದು ಎಲ್‌ಎಲ್‌ಪಿ. ಸೆಕ್ಷನ್ 14ರ ಹೊಣೆ ಪ್ರೊಮೋಟರ್ ಮೇಲೆ, ಅಂದರೆ ರೇರಾದಲ್ಲಿ ಪ್ರಾಜೆಕ್ಟ್ ನೋಂದಾಯಿಸಿದವರ ಮೇಲೆ. ನೀವು ನಂಬಿದ್ದು ಲೋಗೊವನ್ನು, ಆದರೆ ನಾಲ್ಕನೇ ವರ್ಷ ಸೀಲಿಂಗ್ ಸೋರಿದಾಗ ಲೋಗೊದವರು 'ನಾವು ಪ್ರೊಮೋಟರ್ ಅಲ್ಲ' ಅಂದುಬಿಡಬಹುದು.

ಬುಕ್ ಮಾಡುವ ಮುಂಚೆ rera.karnataka.gov.in ತೆರೆದು, ನೋಂದಣಿ ಸಂಖ್ಯೆ ಹಾಕಿ, ಪ್ರೊಮೋಟರ್ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಕರಾರಿನ ಕರಡು ಕೇಳಿ ಪಡೆದು, ಅಲ್ಲೂ ಅದೇ ಹೆಸರಿದೆಯೇ ಹೋಲಿಸಿ. ಹೋರ್ಡಿಂಗ್ ಹೆಸರು ಎರಡರಲ್ಲೂ ಇಲ್ಲದಿದ್ದರೆ, ಐದು ವರ್ಷದೊಳಗಿನ ರಿಪೇರಿಗೆ ಯಾರು ಬರುತ್ತಾರೆ ಅಂತ ಆ ಬ್ರ್ಯಾಂಡ್‌ನ ಲೆಟರ್‌ಹೆಡ್‌ನಲ್ಲೇ ಸಹಿ ಸಮೇತ ಬರೆಸಿಕೊಳ್ಳಿ. ಮಾರಾಟದ ಕರಾರು ನೋಂದಣಿ ಆಗುವ ತನಕ ಮನೆಯ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಅವರು ತಗೊಳ್ಳುವಂತಿಲ್ಲ. ಆ ಲೆಟರ್‌ಹೆಡ್ ಕಾಗದ ಬರುವವರೆಗೆ ಮುಂದಿನ ಚೆಕ್ ಬರೆಯಬೇಡಿ.