ಮಾವನ ಬೆರಳು ಮತ್ತು 'ಇಲ್ಲ' ಬಾಣ

ನಿನ್ನೆ ಮಧ್ಯಾಹ್ನದಿಂದ ತಲೆ ಧಿಮ್ ಅಂತಿದೆ, ಅದಕ್ಕೆ ಕಾರಣ ಗೋಡೆ ಮೇಲಿನ ಒಂದು ಚಾರ್ಟು.

ನಾನಿರೋದು ಶಿವಮೊಗ್ಗದ ಒಂದು ಬ್ಯಾಂಕಿನ ಲೋನ್ ಸೆಕ್ಷನ್ನಲ್ಲಿ. ಮೇಲಿನವರು ಹೋದ ತಿಂಗಳು ಒಂದು ಫ್ಲೋಚಾರ್ಟ್ ಕಳಿಸಿ, ಸಾಲ ಕೇಳೋಕೆ ಬರೋರಿಗೆಲ್ಲ ಇದನ್ನ ತೋರಿಸಿ ವಿವರಿಸಿ ಅಂದ್ರು. ಬಣ್ಣಬಣ್ಣದ ಬಾಕ್ಸು, ಬಾಣ, ನೋಡೋಕೇನೋ ಚಂದ. ನಮ್ಮ ಪ್ರಿಂಟರ್ ಮಾತ್ರ ಬಲಗಡೆ ಒಂದಿಂಚು ಕತ್ತರಿಸಿಯೇ ಕೊಡೋದು, ಅದು ಅದರ ಜನ್ಮಸ್ವಭಾವ, ಯಾರೂ ಅದರ ತಂಟೆಗೆ ಹೋಗಲ್ಲ.

ಹೀಗಿರುವಾಗ ನಿನ್ನೆ ತೀರ್ಥಹಳ್ಳಿ ಕಡೆಯಿಂದ ನಮ್ಮ ಮಾವ ಬಂದ್ರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಕಂಕುಳಲ್ಲಿ ಛತ್ರಿ, ತಲೇಲಿ ಹೊಸ ಮನೆ. ಅರವತ್ತು ದಾಟಿದೆ, ಇದುವರೆಗೆ ಬ್ಯಾಂಕಲ್ಲಿ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಜಾಗ ಇವರ ಹೆಸರಲ್ಲಿ, ಸಂಬಳ ಮಗನದ್ದು, ಇಬ್ಬರೂ ಸೇರಿ 12 ಲಕ್ಷಕ್ಕೆ ಅರ್ಜಿ ಹಾಕಬೇಕು. ಸಂಬಂಧಿಕರ ಫೈಲನ್ನ ನಾನು ಮುಟ್ಟೋ ಹಾಗಿಲ್ಲ, ಅದನ್ನ ನೋಡೋದು ಪಕ್ಕದ ಟೇಬಲ್ಲಿನವರು. ಆದ್ರೆ ವಿವರಿಸೋಕೆ ಅಡ್ಡಿಯಿಲ್ವಲ್ಲ, ಆ ಭಾಗ್ಯ ನನಗೇ ಬಂತು.

"ಮಾವ, ಈ ಚೌಕ ಬಾಕ್ಸ್ ಇದೆಯಲ್ಲ, ಇದು ಒಂದು ಕೆಲಸ. ಈ ಶಂಕರಪೋಳಿ ಥರ ಇರೋದು ಪ್ರಶ್ನೆ. ಹೌದು ಅಂದ್ರೆ ಕೆಳಗೆ ಹೋಗ್ತೀವಿ, ಇಲ್ಲ ಅಂದ್ರೆ ಪಕ್ಕಕ್ಕೆ."

ಇಲ್ಲೇ ನಾನು ಎಡವಿದ್ದು. ಮಾವನಿಗೆ ಒಂದು ಅಭ್ಯಾಸ, ಏನೇ ಓದಿದ್ರೂ ಬೆರಳಿಟ್ಟು ಓದಬೇಕು, ಆ ಬೆರಳು ಪ್ರತಿ ಶಂಕರಪೋಳಿಗೆ ಬಂದಾಗ್ಲೂ 'ಹೌದು' ಕಡೆ ತಿರುಗೋದೇ ಇಲ್ಲ. ಆಧಾರ್, ಪ್ಯಾನ್ ಸರಿ ಇದೆಯಾ ಅನ್ನೋ ಮೊದಲನೇ ಶಂಕರಪೋಳಿಯಲ್ಲೇ ಬೆರಳು ನಿಂತಿತು. "ಇಲ್ಲ ಅಂದ್ರೆ?" "ಮಾವ, ನಿಮ್ಮದು ಸರಿ ಇದೆ." "ಅದು ಗೊತ್ತು ಮಾರಾಯ, ಇಲ್ಲ ಅಂದ್ರೆ ಎಂತ ಆಗ್ತದೆ?" ಬೆರಳು ಬಲಕ್ಕೆ ಹೋಯ್ತು, ಮೇಲೆ ಹತ್ತಿತು, 'ದಾಖಲೆ ಸಂಗ್ರಹ' ಅನ್ನೋ ಬಾಕ್ಸಿಗೆ ವಾಪಸ್ ಬಂತು, ಮತ್ತೆ ಇಳೀತು, ಮತ್ತೆ ಅದೇ ಪ್ರಶ್ನೆ. ಮೂರು ಸುತ್ತು ಹೊಡೆದ್ರು. ಆಗುಂಬೆ ಘಾಟಿಯ ತಿರುವಲ್ಲೂ ನನಗೆ ಇಷ್ಟು ತಲೆ ತಿರುಗಿದ್ದಿಲ್ಲ.

ಹೆಂಗೋ ಎರಡನೇದಕ್ಕೆ ಎಳ್ಕೊಂಡು ಬಂದೆ, ಸಿಬಿಲ್. ಹಿಂದೆ ತಗೊಂಡ ಸಾಲವನ್ನ ಸರಿಯಾಗಿ ತೀರಿಸಿದ್ದೀರಾ ಅಂತ 300ರಿಂದ 900ರ ಒಳಗೆ ಕೊಡೋ ಮಾರ್ಕ್ಸು. ಪಕ್ಕದ ಟೇಬಲ್ಲಿನವರು ಮಾವನ ಸಹಿ ತಗೊಂಡು ಚೆಕ್ ಮಾಡಿದ್ರು, ಸ್ಕ್ರೀನಲ್ಲಿ -1 ಅಂತ ಬಂತು.

"ಇದೆಂತ ಇದು, ಮೈನಸ್ಸಾ? ಸೊನ್ನೆನಾದ್ರೂ ಕೊಡಬಾರದಾ ಮಾರಾಯ! ನಾನು ಯಾರ ಹತ್ರಾನೂ ಸಾಲ ಮಾಡಿಲ್ಲ, ಯಾರಿಗೂ ಬಾಕಿ ಇಟ್ಟಿಲ್ಲ, ನನಗೆ ಸೊನ್ನೆಗಿಂತ ಕಡಿಮೆ!"

ಮಾವನ ದನಿ ಗದ್ದೆ ಆಚೆ ಇರೋರನ್ನ ಕರೆಯೋ ದನಿ. ಪಾಸ್‌ಬುಕ್ ಎಂಟ್ರಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದ್ರು. -1 ಅಂದ್ರೆ ಫೇಲ್ ಅಲ್ಲ ಮಾವ, ಪರೀಕ್ಷೆಗೇ ಕೂತಿಲ್ಲ ಅಂತ ಅರ್ಥ, ನಿಮ್ಮ ಲೆಕ್ಕ ಅವರ ಹತ್ರ ಇಲ್ಲ ಅಷ್ಟೇ, ಮೊದಲ ಸಲ ಸಾಲ ಕೇಳೋರಿಗೆ ಹಿಂದಿನ ಲೆಕ್ಕ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕೇ 2025ರಲ್ಲಿ ಹೇಳಿದೆ ಅಂತೆಲ್ಲ ಸಮಾಧಾನ ಮಾಡಿದೆ. "ಹಾಗಾದ್ರೆ ಚಾರ್ಟಲ್ಲಿ ಆ ಬಾಣ ಎಲ್ಲಿದೆ?" ಅಂದ್ರು. ನೋಡಿದೆ. ಇರ್ಲಿಲ್ಲ. ಹೌದು ಅಥವಾ ಇಲ್ಲ, ಎರಡೇ. 'ಗೊತ್ತಿಲ್ಲ' ಅನ್ನೋದಕ್ಕೆ ಬಾಣ ಬಿಡಿಸೋದನ್ನ ಮೇಲಿನವರು ಮರೆತಿದ್ರು, ನಾವು ಒಂದು ತಿಂಗಳಿಂದ ದಿನಾ ನೋಡಿದ್ರೂ ಗಮನಿಸಿರ್ಲಿಲ್ಲ.

ಮೂರನೇ ಶಂಕರಪೋಳಿ ಕಂತಿನದ್ದು. ಮೊದಲ ಸಲ ಬರೋರು ಮುಗ್ಗರಿಸೋದು ಹೆಚ್ಚಾಗಿ ಇಲ್ಲೇ. ಜಾಗ ಎಷ್ಟು ಬೆಲೆ ಬಾಳುತ್ತೆ ಅಂತಾನೇ ಎಲ್ಲರೂ ಹೇಳೋದು, ಬ್ಯಾಂಕ್ ಮೊದಲು ನೋಡೋದು ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಅನ್ನೋದನ್ನ. ಮಾವನ ಮಗನ ಕೈಗೆ ಬರೋ ಸಂಬಳ 32,000. ಅದರಲ್ಲಿ ಅರ್ಧ, ಅಂದ್ರೆ 16,000, ಎಲ್ಲಾ ಕಂತೂ ಸೇರಿ ಅದರೊಳಗೆ ಇರಬೇಕು ಅನ್ನೋದು ನಮ್ಮಲ್ಲಿನ ಲೆಕ್ಕ. ಬೈಕಿನ ಕಂತು 4,000 ಆಗ್ಲೇ ಹೋಗ್ತಿದೆ, ಉಳಿದಿದ್ದು 12,000. 12 ಲಕ್ಷಕ್ಕೆ ಶೇಕಡಾ 9ರ ಬಡ್ಡಿ, 15 ವರ್ಷ ಅಂತ ಹಾಕಿದ್ರೆ ಕಂತು 12,171. ತೋಟದ ಆದಾಯ ಸೇರಿಸೋಣ ಅಂದ್ರೆ ಅಡಿಕೆ ಮಾರಿದ ಮಂಡಿ ಪಟ್ಟಿ ಬೇಕು, ಮಾವ ಅವನ್ನೆಲ್ಲ ಅಟ್ಟದ ಮೇಲೆ ಗೆದ್ದಲಿಗೆ ಒಪ್ಪಿಸಿ ಎಷ್ಟೋ ವರ್ಷ ಆಗಿದೆ.

"ಹಂಗಾದ್ರೆ ಎಷ್ಟು ಕಡಿಮೆ ಬಿತ್ತು?"

"171 ರೂಪಾಯಿ, ಮಾವ."

ಮಾವ ಏನೂ ಮಾತಾಡ್ಲಿಲ್ಲ. ಅಂಗಿ ಒಳಗಿನ ಜೇಬಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ, ಇನ್ನೂರರ ಒಂದು ನೋಟು ತೆಗೆದು ಸರಿಯಾಗಿ ಆ ಶಂಕರಪೋಳಿ ಮೇಲೆ ಇಟ್ರು. "ತಗೋ, 29 ವಾಪಸ್ ಕೊಡು."

ಅದು ಪ್ರತಿ ತಿಂಗಳೂ ಬೇಕು ಮಾವ, 180 ತಿಂಗಳು, ಅಂತ ನಾನು ಹೇಳೋದು, ತಿಂಗಳಿಗೆ 171 ನನ್ನ ವೀಳ್ಯದೆಲೆ ಖರ್ಚಿಗಿಂತ ಕಡಿಮೆ ಅಂತ ಅವರು ಹೇಳೋದು, ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಮಾವನ ಪರ ವಹಿಸ್ಕೊಂಡು "ಹೌದಲ್ವಾ ಸಾರ್, ಪಾಪ ಕೊಡ್ತಾರಲ್ಲ" ಅನ್ನೋದು. ಮ್ಯಾನೇಜರ್ ಒಳಗಿಂದ ಇಣುಕಿ ನೋಡಿದ್ರು, ಟೇಬಲ್ ಮೇಲೆ ನೋಟು, ನನ್ನ ಕೈ ಅದರ ಹತ್ರ. ಲೋನ್ ಸೆಕ್ಷನ್ನಲ್ಲಿರೋನಿಗೆ ಇದಕ್ಕಿಂತ ಕೆಟ್ಟ ಫೋಟೋ ಬೇಕಾ ಹೇಳಿ.

ಆ ನೋಟನ್ನ ಮಾವನ ಕಡೆ ತಳ್ಳಿ, ಕ್ಯಾಲ್ಕುಲೇಟರ್ ತಗೊಂಡೆ. 15ರ ಬದಲು 20 ವರ್ಷ ಮಾಡಿದ್ರೆ ಕಂತು 10,797ಕ್ಕೆ ಇಳಿಯುತ್ತೆ, ಶಂಕರಪೋಳಿ ಆರಾಮಾಗಿ 'ಹೌದು' ಅನ್ನುತ್ತೆ. ಚಾರ್ಟಲ್ಲೂ ಸಣ್ಣ ಅಕ್ಷರದಲ್ಲಿ ಅದೇ ಇದೆ, 'ಅವಧಿ ವಿಸ್ತರಿಸಿ'. ಬಡ್ಡಿ ಇಷ್ಟೇ ಇರುತ್ತೆ ಅಂದ್ಕೊಂಡ್ರೂ ಪೂರ್ತಿ ಕಟ್ಟೋ ಹೊತ್ತಿಗೆ ಸುಮಾರು 4 ಲಕ್ಷ ಜಾಸ್ತಿ ಹೋಗುತ್ತೆ, ಆ 171 ರೂಪಾಯಿಯ ದೆಸೆಯಿಂದ. ಅದು ಚಾರ್ಟಲ್ಲಿ ಇಲ್ಲ. ಬೈಕಿನದು ಏಳು ಕಂತು ಬಾಕಿ ಇದೆ, ಹೆಚ್ಚುಕಮ್ಮಿ 28,000, ಈ ಸಲದ ಅಡಿಕೆ ದುಡ್ಡಲ್ಲಿ ಅದನ್ನ ಮೊದಲು ಮುಗಿಸಿ, ಬಾಕಿ ಇಲ್ಲ ಅನ್ನೋ ಎನ್‌ಒಸಿ ತಗೊಂಡು, ಸಿಬಿಲ್‌ನಲ್ಲಿ ಆ ಸಾಲ ಮುಗಿದಿದ್ದು ಕಂಡ ಮೇಲೆ ಅರ್ಜಿ ಹಾಕಿ, 15 ವರ್ಷಕ್ಕೇ ಆಗುತ್ತೆ ಅಂದೆ. ಮಾವ ಮೊದಲ ಸಲ ಬೆರಳು ತೆಗೆದು ನನ್ನ ಮುಖ ನೋಡಿದ್ರು.

ಆಮೇಲೆ ಎದುರಿನ ಹೋಟ್ಲಲ್ಲಿ ಕಾಫಿ ಕುಡೀತಾ ಅಜ್ಜನ ಕಥೆ ಹೇಳಿದ್ರು. ಅಮ್ಮನ ಮದುವೆಗೆ ದುಡ್ಡು ಬೇಕಿತ್ತಂತೆ, ಅಜ್ಜ ಮಂಡಿಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ರು, ಸಾಹುಕಾರರು ಮುಖ ನೋಡಿ "ಎಷ್ಟು?" ಅಂದ್ರು, ಅಷ್ಟೇ. ಮುಂದಿನ ಕೊಯ್ಲಿನ ಅಡಿಕೆ ಅವರ ಮಂಡಿಗೇ ಹಾಕಬೇಕಿತ್ತು, ಅವರು ಹೇಳಿದ ರೇಟಿಗೆ, ಅದು ಎಷ್ಟು ವರ್ಷ ನಡೀತು ಅಂತ ಮಾವ ಹೇಳಲಿಲ್ಲ, ಲೋಟದ ತಳದ ಸಕ್ಕರೆ ನೋಡ್ತಾ ಕೂತ್ರು. ನಾನೂ ಕೇಳಲಿಲ್ಲ.

ಹೊರಡುವಾಗ ಚಾರ್ಟಿನ ಒಂದು ಕಾಪಿ ಬೇಕು ಅಂದ್ರು, ಕೊಟ್ಟೆ. ತಪ್ಪು ಮಾಡಿದೆ. ಇವತ್ತು ಬೆಳಗ್ಗೆ ಆರೂವರೆಗೆ ಫೋನು. ಬೆರಳು ನಾಲ್ಕನೇ ಶಂಕರಪೋಳಿಗೆ ಬಂದಿದೆ, ಬ್ಯಾಂಕಿನ ವಕೀಲರು ಜಾಗದ ಪತ್ರ, ಅದರ ಮೇಲಿನ ಋಣ ತೋರಿಸೋ ಇಸಿ ನೋಡಿ ಒಪ್ಪಬೇಕಾದ ಜಾಗ.

"ವಕೀಲರು ಇಲ್ಲ ಅಂದ್ರೆ ಅಂತ ಬಾಣ ಹಿಡ್ಕೊಂಡು ಹೋದೆ ಮಾರಾಯ. ಅದು ಕಾಗದದಿಂದ ಹೊರಗೇ ಹೋಯ್ತು. ಆಮೇಲೆ ಎಲ್ಲಿಗೆ?"

ಪ್ರಿಂಟರ್ ಕತ್ತರಿಸಿದ ಒಂದಿಂಚಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ. ಬ್ಯಾಂಕಿಗೆ ಹೋಗಿ ನೋಡಿ ಹೇಳ್ತೀನಿ ಮಾವ ಅಂದೆ.

"ಹೂಂ, ಹೇಳು. ಮತ್ತೆ ನನ್ನ ಇನ್ನೂರರ ನೋಟು ನಿನ್ನ ಟೇಬಲ್ಲಲ್ಲೇ ಬಿಟ್ಟು ಬಂದಿದ್ದೀನಿ, ಮ್ಯಾನೇಜರ್‌ಗೆ ಕಾಣೋ ಮೊದಲು ಎತ್ತಿಡು."