ಜೈಲಲ್ಲಿರುವವರಿಗೆ ಆದಾಯ ಪತ್ರ ಬೇಕಿಲ್ಲ

“ಆದಾಯ ಪ್ರಮಾಣಪತ್ರ ತಂದರೆ ಮಾತ್ರ ಉಚಿತ ವಕೀಲರು ಸಿಗುತ್ತಾರೆ.”

ಇದು ತಪ್ಪು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿ ಇರುವವರಿಗೆ ಆದಾಯದ ಮಿತಿಯೇ ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೂ ಇಲ್ಲ. ನಮ್ಮ ಪಕ್ಕದ ಮನೆಯ ಹುಡುಗ ಕಳ್ಳತನದ ಕೇಸಲ್ಲಿ ಒಳಗೆ ಹೋದಾಗ ಅವರಮ್ಮ ಈ ಪತ್ರಕ್ಕಾಗಿ ಸುಮ್ನೆ ಒಂದು ವಾರ ಅಲೆದರು. ಅಷ್ಟರಲ್ಲಿ ಅವನೇ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನಲ್ಲಿ ಅರ್ಜಿ ಬರೆಸಿಕೊಟ್ಟಿದ್ದ. ಅದು ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ ವಕೀಲರ ನೇಮಕವೂ ಆಯಿತು.

ನಿಜ ಹೇಳಬೇಕೆಂದರೆ ಇದಕ್ಕೂ ಮೊದಲೇ ಕೇಳಬಹುದಿತ್ತು. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ “ವಕೀಲರಿಗೆ ದುಡ್ಡಿಲ್ಲ” ಎಂದರೆ ಸಾಕು. ಈ ಹಕ್ಕಿನ ಬಗ್ಗೆ ತಿಳಿಸುವುದು ಅವರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಖತ್ರಿ ಪ್ರಕರಣದಲ್ಲಿ ಹೇಳಿದೆ.

ಆದರೆ ಬೇಕಾದ ವಕೀಲರೇ ಸಿಗುತ್ತಾರೆ ಅಂತಿಲ್ಲ. ಅವನ ವಕೀಲರು ಎರಡು ವಾಯಿದೆಗೆ ಬರಲೇ ಇಲ್ಲ. ಆ ದಿನಾಂಕ ಬರೆದು ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಟ್ಟ ಮೇಲೆ ಬೇರೆಯವರನ್ನು ಕೊಟ್ಟರು. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಜನ ಹುಡುಕುವ ಪಾಡು ಮನೆಯವರದೇ ಆಯಿತು. ಫೀಸು ಮಾತ್ರ ಒಂದು ಪೈಸೆಯೂ ಇಲ್ಲ. ಯಾರಾದರೂ ಕೇಳಿದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಸಹಾಯವಾಣಿ 15100.