ಬೆಕ್ಕು ಕೂತ ಕೀಬೋರ್ಡು

ಟೇಬಲ್ ಒರೆಸಿದರೆ ಟೇಬಲ್ ಸುಮ್ಮನಿರುತ್ತದೆ. ಕೀಬೋರ್ಡ್ ಹಾಗಲ್ಲ, ಒರೆಸುವಾಗ ನಾವು ಹೇಳದೇ ಇದ್ದದ್ದನ್ನೆಲ್ಲ ಬರೆದುಕೊಂಡು ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಅದಕ್ಕೇ ಅವತ್ತು ಬಹಳ ಜಾಣತನದಿಂದ `Win+L` ಒತ್ತಿ ಲ್ಯಾಪ್‌ಟಾಪ್ ಲಾಕ್ ಮಾಡಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ ತಗೊಂಡು ಕೂತೆ.

ಪೂರ್ತಿ ಆಫ್ ಮಾಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಇವರೂ ಅದನ್ನೇ ಕೇಳಿದರು. ಕೀಬೋರ್ಡ್ ಒರೆಸಲು ಅದೇ ಸರಿಯಾದ ದಾರಿ, ಒಪ್ಪುತ್ತೇನೆ. ಆದರೆ ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟುಕೊಂಡವರ ಕಷ್ಟ ಆಫ್ ಮಾಡಿ ಅನ್ನುವವರಿಗೆ ಅರ್ಥವಾಗುವುದಿಲ್ಲ.

ಲಾಕ್ ಅಂದರೆ ಲಾಕ್ ಅಂದುಕೊಂಡಿದ್ದೇ ನನ್ನ ತಪ್ಪು. `Win+L` ಮುಚ್ಚುವುದು ಪರದೆಯನ್ನು, ಕೀಬೋರ್ಡನ್ನಲ್ಲ. ಕೀಬೋರ್ಡ್ ಪೂರ್ತಿ ಎಚ್ಚರವಾಗಿಯೇ ಇರುತ್ತದೆ, ಏಕೆಂದರೆ ಮುಂದಿನ ಗಳಿಗೆಯಲ್ಲಿ ನಾವು ಪಿನ್ ಹೊಡೆಯಬೇಕಲ್ಲ. ಬಟ್ಟೆ ಮೊದಲ ಕೀ ಮುಟ್ಟಿದ ಕೂಡಲೇ ಪಿನ್ ಕೇಳುವ ಪೆಟ್ಟಿಗೆ ಬಂದಿದೆ, ನಾನು ತಲೆ ತಗ್ಗಿಸಿ ಅಂಕಿಗಳ ಸಾಲನ್ನು ಉಜ್ಜುತ್ತಿದ್ದೇನೆ. ನನ್ನದು ನಾಲ್ಕು ಅಂಕಿಯ ಪಿನ್. ನಾಲ್ಕು ತುಂಬಿದ ತಕ್ಷಣ ಅದೇ ಪರೀಕ್ಷೆ ಮಾಡಿ ತಪ್ಪು ಅನ್ನುತ್ತದೆ. ಬಟ್ಟೆ ಎಂಟರ್ ಮೇಲೆ ಹೋದಾಗ ಸರಿ ಬಿಡು ಅಂತ ಇನ್ನೊಂದು ಅವಕಾಶ ಕೊಡುತ್ತದೆ. ಮತ್ತೆ ಅಂಕಿಗಳು, ಮತ್ತೆ ತಪ್ಪು. ನನ್ನದೇ ಲ್ಯಾಪ್‌ಟಾಪಿಗೆ ನಾನೇ ಕನ್ನ ಹಾಕುತ್ತಿದ್ದೆ, ಅದೂ ಒದ್ದೆ ಬಟ್ಟೆಯಲ್ಲಿ.

ತಲೆ ಎತ್ತಿ ನೋಡಿದಾಗ ಪರದೆಯ ಮೇಲೆ `A1B2C3` ಟೈಪ್ ಮಾಡಿ ಅಂತ ಬಂದಿತ್ತು. ಎದೆ ಧಸಕ್ಕೆಂದಿತು. ಯಾರೋ ಕಳ್ಳರು ನುಗ್ಗಿದ್ದಾರೆ, ಇದು ಅವರ ಸಂಕೇತ ಅಂದುಕೊಂಡೆ. ಆಮೇಲೆ ತಿಳಿಯಿತು, ಪಿನ್ ಹಲವು ಸಲ ತಪ್ಪಾದರೆ ವಿಂಡೋಸ್ ಹೀಗೆ ಕೇಳುತ್ತದೆಯಂತೆ. ಒತ್ತುತ್ತಿರುವವರು ಬೇಕು ಅಂತಲೇ ಒತ್ತುತ್ತಿದ್ದಾರಾ, ಇಲ್ಲ ಸುಮ್ನೆ ಕೈ ತಾಗುತ್ತಿದೆಯಾ ಅಂತ ತಿಳಿಯಲು. ಬಟ್ಟೆ, ಬೆಕ್ಕು, ಮಗು ಯಾರೂ `A1B2C3` ಅಂತ ಸಾಲಾಗಿ ಬರೆಯಲಾರರು ಅನ್ನುವ ಲೆಕ್ಕ. ಅದನ್ನು ಹೊಡೆದು, ಸರಿಯಾದ ಪಿನ್ ಹಾಕಿದೆ, ಬಾಗಿಲು ತೆರೆಯಿತು. ಅದಾದ ಮೇಲೂ ತಪ್ಪು ಹೊಡೆಯುತ್ತಾ ಹೋದರೆ ರೀಸ್ಟಾರ್ಟ್ ಮಾಡು ಅನ್ನುತ್ತದೆ. ಮೂವತ್ತು ಟ್ಯಾಬ್ ಕೂದಲೆಳೆಯಲ್ಲಿ ಉಳಿದವು.

ಇದು ಬಟ್ಟೆಯ ಕಥೆ. ಬೆಕ್ಕಿನದು ಬೇರೆ.

ನಮ್ಮ ಬೆಕ್ಕಿಗೆ ಮನೆಯಲ್ಲಿ ಮೂರು ಮೆತ್ತನೆ ಜಾಗ ಇವೆ. ಅದು ಮಲಗುವುದು ಬೆಚ್ಚಗಿರುವ ನಾಲ್ಕನೆಯದರ ಮೇಲೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಗಾದೆ ಮಾಡಿದವರ ಕಾಲದಲ್ಲಿ ಕೀಬೋರ್ಡ್ ಇರಲಿಲ್ಲ, ಈಗ ಬೆಕ್ಕೇ ಗಂಟೆ ಬಾರಿಸುತ್ತದೆ. ಒಂದು ಮಧ್ಯಾಹ್ನ ನಾನು ಎದ್ದು ಹೋಗಿ ಬರುವಷ್ಟರಲ್ಲಿ ಅದು ಕೀಬೋರ್ಡಿನ ಬಲಭಾಗದಲ್ಲಿ ಸುತ್ತಿಕೊಂಡು ಮಲಗಿತ್ತು. ಮಗಳು, ಎರಡು ವರ್ಷದವಳು, ಕುರ್ಚಿ ಹತ್ತಿ ನಿಂತು ಅದರ ಬಾಲ ಹಿಡಿದು ಎಂಟರ್ ಮೇಲೆ ಕೈ ಇಟ್ಟಿದ್ದಳು. ಆಫೀಸಿನ ಚಾಟ್‌ನಲ್ಲಿ ಮ್ಯಾನೇಜರಿಗೆ ಈ ಸಂದೇಶ ಹೋಗಿತ್ತು:

```
;lllllllllllllllllll''''''''
```

ಅದರ ಮೇಲಿನ ಸಾಲಿನಲ್ಲಿ ಅವರು ಕೇಳಿದ್ದು, ವರದಿ ಯಾವಾಗ ಕೊಡುತ್ತೀರಿ ಅಂತ. ಕೆಳಗಿನ ಸಾಲಿನಲ್ಲಿ ಅವರ ಉತ್ತರ: ಸರಿ, ಶುಕ್ರವಾರ ಆಗಲಿ.

ಬೆಕ್ಕಿನ ಬರಹವನ್ನೂ ಮಗುವಿನ ಬರಹವನ್ನೂ ನಾನೀಗ ಕಣ್ಣಲ್ಲೇ ಗುರುತಿಸುತ್ತೇನೆ. ಬೆಕ್ಕು ಕೂತರೆ ಏಳುವುದಿಲ್ಲ, ಹಾಗಾಗಿ ಒಂದೇ ಅಕ್ಷರ ಸಾಲುಗಟ್ಟಲೆ ಬರುತ್ತದೆ. ನಡೆದರೆ ಪಕ್ಕಪಕ್ಕದ ಕೀಗಳು ಗುಂಪಾಗಿ ಬೀಳುತ್ತವೆ. ಮಗು ಹಾಗಲ್ಲ. ಅಂಗೈಯಿಂದ ಬಡಿದು, ಏನಾಯಿತು ಅಂತ ಪರದೆ ನೋಡಿ, ಇನ್ನೂ ಜೋರಾಗಿ ಬಡಿಯುತ್ತದೆ. ಈ ವ್ಯತ್ಯಾಸ ಕಂಡುಹಿಡಿದದ್ದು ನಾನೇ ಅಂತ ಬೀಗುತ್ತಿದ್ದೆ. ಆದರೆ ಅಮೆರಿಕದ ಟೂಸಾನ್ ಊರಿನ ಕ್ರಿಸ್ ನಿಸ್ವಾಂಡರ್ ಎಂಬುವವರು ಬೆಕ್ಕು ಕೀಬೋರ್ಡ್ ಮೇಲೆ ನಡೆಯುವುದನ್ನು ಪತ್ತೆ ಹಚ್ಚುವ ಪಾಸೆನ್ಸ್ ಅನ್ನುವ ಸಾಫ್ಟ್‌ವೇರ್ ಬರೆದು, 2000ರಲ್ಲೇ ಕಂಪ್ಯೂಟರ್ ವಿಜ್ಞಾನಕ್ಕೆ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಬಹುಮಾನ, ತಗೊಂಡಿದ್ದಾರೆ. ನನಗಿಂತ ಮೊದಲೇ ನೊಂದ ಜೀವ.

ಬೆಕ್ಕನ್ನೂ ಮಗಳನ್ನೂ ಇಳಿಸಿ, ಕ್ಷಮೆ ಕೇಳೋಣ ಅಂತ ಟೈಪ್ ಮಾಡಲು ಹೋದರೆ ಒಂದು ಅಕ್ಷರವೂ ಬೀಳಲಿಲ್ಲ. ಪಟಪಟ ಅಂತ ಎಷ್ಟು ಹೊಡೆದರೂ ಏನಿಲ್ಲ. ಸತ್ತೇ ಹೋಯಿತು ಅಂತ ಬೇಜಾರಿನಲ್ಲಿ ಒಂದು ಕೀ ಮೇಲೆ ಬೆರಳು ಊರಿ ಹಾಗೇ ಕೂತಿದ್ದಾಗ ನಿಧಾನಕ್ಕೆ ಒಂದು ಅಕ್ಷರ ಮೂಡಿತು. ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಇಂಥದ್ದೆಲ್ಲ ಗೊತ್ತು, ಗೊತ್ತಿದೆ ಅನ್ನುವುದೂ ಗೊತ್ತು.

"ಅಕ್ಕಾ, ಬೇಗ ಒತ್ತಿ ಬಿಟ್ಟರೆ ಬರಲ್ಲ, ಒತ್ತಿ ಹಿಡಿದರೆ ಬರುತ್ತೆ. ಹೌದಾ?"

"ಹೌದು ಕಣೋ."

"ಬಲಗಡೆ ಶಿಫ್ಟ್ ಎಷ್ಟು ಹೊತ್ತು ಒತ್ತಿ ಹಿಡಿದಿದ್ದೆ?"

"ನಾನ್ಯಾಕೆ ಹಿಡೀಲಿ? ಬೆಕ್ಕು ಅದರ ಮೇಲೆ ಮಲಗಿತ್ತು."

"ಹಾಗಾದರೆ ಬೆಕ್ಕನ್ನ ಕೇಳು."

ವಿಷಯ ಇಷ್ಟು. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್ `Filter Keys` ಶುರು ಮಾಡಲಾ ಅಂತ ಕೇಳುತ್ತದೆ. ಕೈ ನಡುಗುವವರಿಗೆ ಅದೊಂದು ದೊಡ್ಡ ಅನುಕೂಲ. ಅಕಸ್ಮಾತ್ತಾಗಿ ತಾಗಿದ ಕೀಗಳನ್ನು ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಉದ್ದೇಶಪಟ್ಟು ಒತ್ತಿ ಹಿಡಿದಿದ್ದನ್ನು ಮಾತ್ರ ಒಪ್ಪುತ್ತದೆ. ಪ್ರಶ್ನೆ ತಂದದ್ದು ಬೆಕ್ಕು, ಎಂಟರ್ ಒತ್ತಿ ಹೌದು ಅಂದದ್ದು ಮಗಳು. ಕೀಬೋರ್ಡಿಗೆ ಏನೂ ಆಗಿರಲಿಲ್ಲ, ಅದು ಈಗ ಸ್ವಲ್ಪ ಜಾಸ್ತಿಯೇ ತಾಳ್ಮೆ ಕಲಿತಿತ್ತು ಅಷ್ಟೇ. ಮತ್ತೆ ಅದೇ ಶಿಫ್ಟ್ ಎಂಟು ಸೆಕೆಂಡ್ ಹಿಡಿದೆ, ಸರಿಹೋಯಿತು. ಇದು ಗೊತ್ತಿಲ್ಲದೆ ಹೊಸ ಕೀಬೋರ್ಡ್ ಹಾಕಿಸಿದವರು ಎಷ್ಟು ಜನ ಇದ್ದಾರೋ! ಸೆಟ್ಟಿಂಗ್ಸ್‌ನಲ್ಲಿ `Accessibility`, ಅದರಲ್ಲಿ `Keyboard` ಅಂತ ಹೋಗಿ ಈ ಶಾರ್ಟ್‌ಕಟ್ ತೆಗೆದುಹಾಕಿದೆ. ಶಿಫ್ಟ್ ಐದು ಸಲ ಒತ್ತಿದರೆ ಎದ್ದು ಬರುವ `Sticky Keys` ಶಾರ್ಟ್‌ಕಟ್ಟನ್ನೂ ಅಲ್ಲೇ ತೆಗೆದೆ. ಮಗಳು ಐದನ್ನು ಎಣಿಸಲಾರಳು, ಒತ್ತಬಲ್ಲಳು.

ಆಮೇಲೆ ತಮ್ಮ ಒಂದು ಪುಟ್ಟ ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆ ಹಾಗೇ ಇರುತ್ತದೆ, ಮಗಳು ನೋಡುತ್ತಿರುವ ವಿಡಿಯೊ ಓಡುತ್ತಲೇ ಇರುತ್ತದೆ, ಕೀಗಳು ಮಾತ್ರ ಸತ್ತಂತೆ. ಕೀ ಒತ್ತಿದ ಸುದ್ದಿ ಬೇರೆ ಪ್ರೋಗ್ರಾಮುಗಳಿಗೆ ತಲುಪುವ ಮೊದಲೇ ಇದು ನಡುದಾರಿಯಲ್ಲಿ ನಿಂತು ನುಂಗಿಬಿಡುತ್ತದೆ. ಬಿಡಿಸಲು ಮೂರು ಕೀಗಳ ಒಂದು ಜೋಡಣೆ ಇದೆ, ಅದನ್ನು ಒಟ್ಟಿಗೆ ಒತ್ತಬೇಕು.

ಆ ಮೂರು ಕೀ ಯಾವುವು ಅಂತ ನಾನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡೆ. ಅದೇ ಲ್ಯಾಪ್‌ಟಾಪಿನಲ್ಲಿ. ಕೀಬೋರ್ಡ್ ಜೊತೆ ಟಚ್‌ಪ್ಯಾಡನ್ನೂ ಲಾಕ್ ಮಾಡು ಅಂತ ಟಿಕ್ ಹಾಕಿದೆ. ಒರೆಸಿ ಮುಗಿಸಿದ ಮೇಲೆ ಫೈಲ್ ತೆರೆಯಲು ಹೋದೆ. ಬೀಗದ ಕೈ ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದವರ ಮುಖ ಹೇಗಿರುತ್ತದೆ ಅಂತ ಇವರಿಗೆ ಅವತ್ತು ನೋಡಲು ಸಿಕ್ಕಿತು.

ಮತ್ತೆ ತಮ್ಮ. ಈ ಸಲ ಅವನು ನಗಲು ಎರಡು ನಿಮಿಷ ತಗೊಂಡ. ಆಮೇಲೆ ಹೇಳಿದ, `Ctrl+Alt+Del` ಒತ್ತು. ಲಾಕ್ ಆಗಿದೆಯಲ್ಲೋ ಅಂದೆ. ಒತ್ತಿ ನೋಡು ಅಂದ. ನೀಲಿ ಪರದೆ ಬಂತು, ಅಲ್ಲಿ ಕೀಬೋರ್ಡೂ ಟಚ್‌ಪ್ಯಾಡೂ ಕೆಲಸ ಮಾಡಿದವು. ಈ ಮೂರು ಕೀಗಳ ಕೂಗನ್ನು ವಿಂಡೋಸ್ ತಾನೇ ನೇರವಾಗಿ ಕೇಳಿಸಿಕೊಳ್ಳುತ್ತದೆ, ನಡುದಾರಿಯಲ್ಲಿ ನಿಂತ ಇಂಥ ಸಾಫ್ಟ್‌ವೇರ್‌ಗಳ ಕೈಗೆ ಅದು ಸಿಗುವುದೇ ಇಲ್ಲ. ಆ ಪರದೆಯಿಂದಲೇ ರೀಸ್ಟಾರ್ಟ್ ಮಾಡಿದೆ. ಮೂವತ್ತು ಟ್ಯಾಬ್ ಹೋದವು. ಒಂದೂ ನೆನಪಿಗೆ ಬರಲಿಲ್ಲ ಅನ್ನುವುದು ಬೇರೆ ಮಾತು.

ಪವರ್ ಬಟನ್ನಿಗೂ ಈ ಬೀಗ ತಾಗುವುದಿಲ್ಲ. ನಮ್ಮದರಲ್ಲಿ ಅದು ಕೀಗಳ ಸಾಲಿನ ಮೂಲೆಯಲ್ಲೇ ಇದೆ, ಮೇಲೆ ಪುಟ್ಟ ದೀಪ ಬೇರೆ. ಮಗುವಿಗೆ ಇನ್ನೇನು ಬೇಕು? ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ ಅಂತ ಹೇಳಿಟ್ಟಿದ್ದೇನೆ. ಆದರೂ ಕೆಲವು ಸೆಕೆಂಡ್ ಬಿಡದೆ ಅದುಮಿದರೆ ಯಾರ ಮಾತನ್ನೂ ಕೇಳದೆ ಆಫ್ ಆಗುತ್ತದೆ. ಅಂದಹಾಗೆ, ತಮ್ಮನ ಹತ್ತಿರ ಇರುವುದು ಮ್ಯಾಕ್‌ಬುಕ್. ಅದನ್ನು ಆಫ್ ಮಾಡಿ ಒರೆಸಲು ಹೋದರೆ ಯಾವ ಕೀ ಮುಟ್ಟಿದರೂ ತಾನಾಗಿ ಆನ್ ಆಗುತ್ತದೆ. ಅವನು ನನ್ನನ್ನು ನೋಡಿ ನಕ್ಕಿದ್ದಕ್ಕೆ ಸರಿಯಾಗಿದೆ.

ಈಗ ನಾನು ಪಳಗಿದ್ದೇನೆ. ಬಿಡಿಸುವ ಮೂರು ಕೀಗಳನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿದ್ದೇನೆ. ಮರೆತರೆ ಬಾಣ ಓಡಿಸಿಯಾದರೂ ಸಾಫ್ಟ್‌ವೇರ್ ಮುಚ್ಚಬಹುದು ಅಂತ ಟಚ್‌ಪ್ಯಾಡನ್ನು ಲಾಕ್ ಮಾಡದೆ ಬಿಡುತ್ತೇನೆ. ಮೊನ್ನೆ ಮ್ಯಾನೇಜರಿಗೆ ಬರೆಯುತ್ತಿದ್ದೆ: ಈ ಹೊಸ ಕೆಲಸ ಸೋಮವಾರದೊಳಗೆ ಖಂಡಿತ ಮುಗಿಯುವುದಿಲ್ಲ ಅಂತ. ಖಂಡಿತ ಅನ್ನುವವರೆಗೆ ಬಂದಿದ್ದೆ, ಒಳಗೆ ಮಗಳು ಏನನ್ನೋ ಬೀಳಿಸಿದ ಸದ್ದಾಯಿತು. ಶಿಸ್ತಾಗಿ ಕೀಬೋರ್ಡ್ ಲಾಕ್ ಮಾಡಿಯೇ ಎದ್ದು ಓಡಿದೆ. ಕನ್ನಡದಲ್ಲಿ ಇಲ್ಲ ಅನ್ನುವುದು ವಾಕ್ಯದ ಕೊನೆಗೆ ಬರುತ್ತದಲ್ಲ, ಅದೇ ಕೆಟ್ಟದ್ದು. ವಾಪಸ್ ಬಂದಾಗ ಬೆಕ್ಕು ಟಚ್‌ಪ್ಯಾಡ್ ಮೇಲೆ ಮುಂಗಾಲು ಊರಿ ಕೂತು, ಪರದೆಯ ಮೇಲೆ ಓಡಾಡುವ ಬಾಣವನ್ನು ಹಿಡಿಯಲು ನೋಡುತ್ತಿತ್ತು. ಪೆಟ್ಟಿಗೆ ಖಾಲಿ. ಮೇಲೆ ನನ್ನ ಸಂದೇಶ: "ಈ ಹೊಸ ಕೆಲಸ ಸೋಮವಾರದೊಳಗೆ ಖಂಡಿತ". ಅದರ ಕೆಳಗೆ ಮ್ಯಾನೇಜರ್ ಹಾಕಿದ ಹೆಬ್ಬೆರಳು.